ಕುಡಿತ ಬಿಡಿಸಲು ಒಂದು ಹಾಳೆಯ ಯೋಜನೆ: ಮೊದಲ 90 ದಿನ, ಅಳೆಯುವ ಗುರಿಗಳು, ಮಾತ್ರೆಗಳು, ಮತ್ತೆ ಜಾರಿದರೆ ಏನು

"ಇನ್ನು ಮುಂದೆ ಕುಡಿಯಲ್ಲ ಮೇಡಂ, ಮಕ್ಕಳ ಮೇಲಾಣೆ." ಬೆಂಗಳೂರಿನ ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತೆಯಾಗಿ ಈ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆಣೆಯನ್ನು ಅಳೆಯಲು ಆಗುವುದಿಲ್ಲ. ಅದು ಒಂದೋ ಉಳಿಯುತ್ತದೆ, ಇಲ್ಲವೋ ಮುರಿಯುತ್ತದೆ. ಮುರಿದ ದಿನ ಮನುಷ್ಯ "ಹೋಯ್ತಲ್ಲ, ಇನ್ನೇನು" ಅಂತ ಪೂರ್ತಿ ಕುಡಿಯುತ್ತಾನೆ. ಅದಕ್ಕೇ ನಾವು ಆಣೆಯ ಜಾಗದಲ್ಲಿ ಒಂದು ಹಾಳೆ ಬರೆಯುತ್ತೇವೆ. ಅದರಲ್ಲಿ ಅಂಕಿ ಇರುತ್ತದೆ, ತಾರೀಖು ಇರುತ್ತದೆ, ಯಾರು ನೋಡಬೇಕು ಅನ್ನುವುದೂ ಇರುತ್ತದೆ. ಜಾರಿದರೆ ಏನು ಮಾಡಬೇಕು ಅನ್ನುವುದನ್ನೂ ಜಾರುವ ಮೊದಲೇ ಬರೆದಿಡುತ್ತೇವೆ.

ಆ ಹಾಳೆ ಬರೆಯುವುದು ಹೇಗೆ ಅಂತ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ರಂಗಣ್ಣ ಅಂತ ಕರೆಯೋಣ. ಇವರು ಒಬ್ಬ ವ್ಯಕ್ತಿಯಲ್ಲ, ನಾನು ನೋಡಿದ ಹಲವರನ್ನು ಸೇರಿಸಿ ಕಟ್ಟಿದ ಉದಾಹರಣೆ. ವಯಸ್ಸು 44, ಪೀಣ್ಯದಲ್ಲಿ ಲೇತ್ ಆಪರೇಟರ್, ಮನೆ ನಾಗಸಂದ್ರ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮಗ ಪಿಯುಸಿ. ಮಾತ್ರೆಗಳ ಹೆಸರು ಮತ್ತು ಪ್ರಮಾಣ ಬರೆಯುವುದು ನಿಮಗೆ ತಿಳಿದಿರಲಿ ಅಂತ. ಯಾವುದನ್ನು ಕೊಡಬೇಕು ಅಂತ ತೀರ್ಮಾನಿಸುವವರು ವೈದ್ಯರೇ.

ಹಂತ 1: ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತನ್ನಿ

"ಸ್ವಲ್ಪ", "ದಿನಾ ಲೈಟಾಗಿ" ಅನ್ನುವ ಉತ್ತರಗಳಿಂದ ಉಪಯೋಗವಿಲ್ಲ. ಒಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಿನ 28 ದಿನವನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಹಬ್ಬ, ಸಂಬಳದ ದಿನ, ಭಾನುವಾರದ ಬಾಡೂಟ, ನೆಂಟರ ಮದುವೆ, ಹೀಗೆ ಗುರುತು ಹಿಡಿದು ಹೋದರೆ ನೆನಪು ತಾನಾಗಿ ಬರುತ್ತದೆ.

ಆಮೇಲೆ ಅದನ್ನು ಯೂನಿಟ್‌ಗೆ ತಿರುಗಿಸಿ. ನಮ್ಮಲ್ಲಿ ಒಂದು ಯೂನಿಟ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ವಿಸ್ಕಿ, ರಮ್, ಬ್ರಾಂದಿಯ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಆ ಲೆಕ್ಕದಲ್ಲಿ 30 ಎಂ.ಎಲ್. ಒಂದು ಯೂನಿಟ್. ನೈಂಟಿ ಅಂದರೆ ಮೂರು, ಕ್ವಾರ್ಟರ್ ಅಂದರೆ ಆರು. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಸುಮಾರು ನಾಲ್ಕು ಯೂನಿಟ್. "ನಾನು ಬರೀ ಬಿಯರ್ ಕುಡಿಯೋದು" ಅನ್ನುವವರು ಇದನ್ನು ನೋಡಿ ಸುಮ್ಮನಾಗುತ್ತಾರೆ.

ರಂಗಣ್ಣ ದಿನಕ್ಕೊಂದು ಕ್ವಾರ್ಟರ್, ಶನಿವಾರ ಬಟವಾಡೆಯ ದಿನ ಎರಡು, ಭಾನುವಾರ ಬೆಳಿಗ್ಗೆ ಕೈನಡುಕ ನಿಲ್ಲಿಸಲು ಇನ್ನೊಂದು ನೈಂಟಿ. ವಾರಕ್ಕೆ 51 ಯೂನಿಟ್ ಆಯಿತು. 28 ದಿನದಲ್ಲಿ ಕುಡಿಯದ ದಿನ ಒಂದೂ ಇಲ್ಲ. ಮುಂದೆ ಹೋಲಿಸಿ ನೋಡಲು ಈ ಎರಡು ಅಂಕಿ ಬೇಕು, ಅದಕ್ಕೇ ಹಾಳೆಯ ತಲೆಯ ಮೇಲೇ ಬರೆಯುತ್ತೇವೆ. ಜೊತೆಗೆ 'ಆಡಿಟ್' ಅನ್ನುವ 10 ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 40 ಅಂಕ. 8 ಮುಟ್ಟಿದರೆ ಅಪಾಯದ ಕುಡಿತ. 20 ಮುಟ್ಟಿದರೆ ದೇಹ ಮತ್ತು ಮನಸ್ಸು ಎರಡೂ ಅವಲಂಬಿಸಿರುವ ಸಾಧ್ಯತೆ ಜಾಸ್ತಿ. ರಂಗಣ್ಣನವರದು 27.

ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಸ್ಥಿತಿ ತೋರಿಸುವ ಜಿಜಿಟಿ 240 ಬಂತು (ಲ್ಯಾಬಿನ ಮಿತಿ 55). ಲಿವರ್‌ನದೇ ಇನ್ನೆರಡು ಅಂಕಿ, ಎಎಸ್‌ಟಿ 110, ಎಎಲ್‌ಟಿ 52. ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟು ಇದ್ದರೆ ಲಿವರ್‌ಗೆ ಪೆಟ್ಟು ಕುಡಿತದಿಂದಲೇ ಬಿದ್ದಿರುವ ಸೂಚನೆ. ಲಿವರ್‌ನ ಬಿಲಿರುಬಿನ್, ಕಿಡ್ನಿಯ ಕ್ರಿಯಾಟಿನಿನ್ ಸರಿಯಾಗಿದ್ದವು. ಮಾತ್ರೆ ಆರಿಸುವಾಗ ಈ ಎರಡು ಮತ್ತೆ ಬೇಕಾಗುತ್ತವೆ.

ಹಂತ 2: ಮನೆಯಲ್ಲೇ ನಿಲ್ಲಿಸಬಹುದಾ ಅಂತ ಮೊದಲು ತೀರ್ಮಾನಿಸಿ

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಮೂರು ವರ್ಷದ ಹಿಂದೆ ರಂಗಣ್ಣ ಶಬರಿಮಲೆಗೆ ಮಾಲೆ ಹಾಕಿದ್ದರು. ಮಾಲೆ ಹಾಕಿದ ದಿನವೇ ಕುಡಿತ ಬಂದ್. ಎರಡನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ದೇವರ ಮುಂದೆ ನಿಂತಲ್ಲೇ ಬಿದ್ದರು, ಫಿಟ್ಸ್ ಬಂತು. ಮನೆಯವರು ವ್ರತದಲ್ಲಿ ಏನೋ ಅಪಚಾರವಾಯಿತು ಅಂದುಕೊಂಡರು. ಅದು ಅಪಚಾರವಲ್ಲ, ಮದ್ಯ ನಿಂತ ಮೇಲೆ ಮಿದುಳು ಕೊಡುವ ಪ್ರತಿಕ್ರಿಯೆ. ವರ್ಷಗಟ್ಟಲೆ ಮದ್ಯ ಮಿದುಳನ್ನು ಒತ್ತಿ ಹಿಡಿದಿರುತ್ತದೆ, ಅದನ್ನು ತಡೆದುಕೊಳ್ಳಲು ಮಿದುಳು ಎದುರಿಂದ ಒತ್ತುತ್ತಿರುತ್ತದೆ. ಮದ್ಯವನ್ನು ಥಟ್ಟನೆ ತೆಗೆದರೆ ಆ ಎದುರೊತ್ತಡ ಮಾತ್ರ ಉಳಿಯುತ್ತದೆ.

ಇದಕ್ಕೊಂದು ವೇಳೆ ಇದೆ. ಕೊನೆಯ ಗುಟುಕಿನಿಂದ ಆರೇಳು ಗಂಟೆಗೆ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಇಲ್ಲದ ಹುಳ ಹಿಡಿಯುತ್ತಾರೆ, ವಾರ್ಡಿನಲ್ಲಿ ಕೂತೇ ಲೇತ್ ಮೆಷಿನ್ ತಿರುಗಿಸುತ್ತಾರೆ, ಜ್ವರ ಬರುತ್ತದೆ. ಇದು ತುರ್ತು ಪರಿಸ್ಥಿತಿ, ಮಂತ್ರ ಹಾಕಿಸುತ್ತಾ ಕೂರುವ ಹೊತ್ತಲ್ಲ.

ಹಿಂದೆ ಒಮ್ಮೆ ಫಿಟ್ಸ್ ಬಂದಿದ್ದರೆ, ಹೀಗೆ ದಿಕ್ಕು ತಪ್ಪಿದ್ದರೆ, ಲಿವರ್ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ, ನಿದ್ದೆ ಮಾತ್ರೆಯ ಅಭ್ಯಾಸವೂ ಇದ್ದರೆ, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ದಾಖಲಾಗಿಯೇ ನಿಲ್ಲಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗವಿದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮಾನಸಿಕ ರೋಗ ವಿಭಾಗದಲ್ಲೂ ನೋಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ವಾರ್ಡಿನಲ್ಲಿ ಮಿದುಳಿನ ಈ ಪ್ರತಿಕ್ರಿಯೆಯನ್ನು ತಣಿಸಲು ಲೋರಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಕೊಟ್ಟು ಸುಮಾರು ಒಂದು ವಾರದಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ನಡುಕ, ಬೆವರು, ಗಾಬರಿಗೆಲ್ಲ ಅಂಕ ಕೊಡುವ ಒಂದು ಪಟ್ಟಿ ಇದೆ. ಹಾಳೆಯ ಮೊದಲ ಗುರಿ ಇಲ್ಲಿಂದ ಬರುತ್ತದೆ: ಅಂಕ 8ಕ್ಕಿಂತ ಕೆಳಗಿಳಿದು 24 ಗಂಟೆ ಹಾಗೇ ನಿಲ್ಲಬೇಕು, ಫಿಟ್ಸ್ ಒಂದೂ ಬರಬಾರದು. ರಂಗಣ್ಣನವರಿಗೆ ಐದನೇ ದಿನ ಇದು ಸಾಧ್ಯವಾಯಿತು. ಈ ಇಳಿಸುವ ಮಾತ್ರೆಗಳನ್ನು ಮನೆಗೆ ತಂದು ತಿಂಗಳುಗಟ್ಟಲೆ ನುಂಗಬಾರದು. ಅವಕ್ಕೂ ಅಭ್ಯಾಸ ಬೀಳುತ್ತದೆ.

ಇನ್ನೊಂದು ಮಾತು ದಯವಿಟ್ಟು ನೆನಪಿಡಿ. ತುಂಬಾ ಕುಡಿದು ಊಟ ಬಿಟ್ಟವರನ್ನು ಬೀದಿ ಕೊನೆಯ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ "ಸುಸ್ತಾಗಿದ್ದಾರೆ, ಒಂದು ಬಾಟಲ್ ಗ್ಲೂಕೋಸ್ ಹಾಕಿ" ಅನ್ನುತ್ತೇವೆ ಅಲ್ವಾ? ಅವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಗ್ಲೂಕೋಸ್ ಉರಿಸಲು ಅದೇ ಬೇಕು. ಥಯಾಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಸರಿಯಾಗಿ ಆಡದಿರುವುದು, ನಡಿಗೆ ತೂರಾಡುವುದು, ಗೊಂದಲ, ಇವು ಅದರ ಗುರುತುಗಳು. ಕುಡಿಯದಿದ್ದರೂ ತೂರಾಡುತ್ತಿದ್ದರೆ ಅನುಮಾನ ಪಡಿ. "ಥಯಾಮಿನ್ ಇಂಜೆಕ್ಷನ್ ಮೊದಲು ಕೊಡ್ತೀರಾ?" ಅಂತ ಕೇಳಲು ಸಂಕೋಚ ಬೇಡ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದ್ದರೆ ಕಾಯುವಂತಿಲ್ಲ, ಆಗ ಎರಡನ್ನೂ ಒಟ್ಟಿಗೇ ಕೊಡುತ್ತಾರೆ.

ಹಂತ 3: ನಾಲ್ಕೇ ಗುರಿ ಬರೆಯಿರಿ

ಹತ್ತು ಗುರಿ ಬರೆದರೆ ಒಂದನ್ನೂ ನೋಡುವುದಿಲ್ಲ. ನಾಲ್ಕು ಸಾಕು. ರಂಗಣ್ಣನವರ ಹಾಳೆಯಲ್ಲಿ ಇದ್ದದ್ದು ಇಷ್ಟು:

1. 90 ದಿನದಲ್ಲಿ ಕನಿಷ್ಠ 81 ದಿನ ಒಂದು ಹನಿಯೂ ಇಲ್ಲ. ಒಂದೇ ದಿನ ಕ್ವಾರ್ಟರ್ ಅಥವಾ ಜಾಸ್ತಿ ಕುಡಿದ ದಿನ: ಸೊನ್ನೆ.
2. ಕೊಟ್ಟ ಮಾತ್ರೆಯಲ್ಲಿ 90% ನುಂಗಿರಬೇಕು. ಖಾಲಿ ಸ್ಟ್ರಿಪ್ ತಂದು ತೋರಿಸಬೇಕು.
3. ಜಿಜಿಟಿ ನಾಲ್ಕನೇ ವಾರಕ್ಕೆ 120ಕ್ಕಿಂತ ಕಡಿಮೆ, ಹನ್ನೆರಡನೇ ವಾರಕ್ಕೆ 60ರ ಒಳಗೆ.
4. ಕೆಲಸಕ್ಕೆ ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ರಜೆ ಇಲ್ಲ. (ಹಿಂದಿನ ತಿಂಗಳು ಏಳು ಇತ್ತು.)

ಮೊದಲ ಗುರಿ ಓದಿ ರಂಗಣ್ಣನವರ ಹೆಂಡತಿ ಬೇಜಾರು ಮಾಡಿಕೊಂಡರು. "ಅಂದ್ರೆ ಒಂಬತ್ತು ದಿನ ಕುಡೀಬಹುದು ಅಂತ ಬರ್ದುಕೊಟ್ರಾ ಮೇಡಂ?" ಇಲ್ಲ. ಇಷ್ಟು ಅವಲಂಬನೆ ಇರುವವರಿಗೆ ದಾರಿ ಒಂದೇ, ಪೂರ್ತಿ ಬಿಡುವುದು. "ಲಿಮಿಟ್ಟಲ್ಲಿ ಕುಡಿಯೋದು" ಅವರಿಗೆ ನಿಲ್ಲುವುದಿಲ್ಲ. ಆದರೆ ಅಳತೆ ಮಾತ್ರ ಹೀಗಿರಬೇಕು. 28ಕ್ಕೆ 28 ದಿನ ಕುಡಿಯುತ್ತಿದ್ದವರು 90ರಲ್ಲಿ ಮೂರು ದಿನ ಜಾರಿದರೆ ಅದು ಸೋಲಲ್ಲ, ಚಿಕಿತ್ಸೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದು ಹಾಳೆಯ ಮೇಲೆ ಕಾಣಬೇಕು.

ಜಿಜಿಟಿ ಯಾಕೆ ಅಂದರೆ, ಕುಡಿತ ನಿಂತರೆ ಅದು ಎರಡು ಮೂರು ವಾರಕ್ಕೊಮ್ಮೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮನುಷ್ಯನಿಗೆ ತನ್ನ ಲಿವರ್ ಸುಧಾರಿಸುವುದು ಕಾಗದದ ಮೇಲೆ ಕಾಣುತ್ತದೆ. ಆದರೆ ಫ್ಯಾಟಿ ಲಿವರ್, ಕೆಲವು ಫಿಟ್ಸ್ ಮಾತ್ರೆಗಳಿಂದಲೂ ಜಿಜಿಟಿ ಏರುತ್ತದೆ. ಹಾಗಾಗಿ ಅದೊಂದನ್ನೇ ಸಾಕ್ಷಿ ಮಾಡಿಕೊಂಡು "ಕದ್ದು ಕುಡಿದಿದ್ದೀಯ" ಅಂತ ಜಗಳಕ್ಕೆ ನಿಲ್ಲಬೇಡಿ.

ನಿದ್ದೆಯನ್ನು ನಾನು ಗುರಿಯಾಗಿ ಬರೆಯುವುದಿಲ್ಲ. ಕುಡಿತ ಬಿಟ್ಟ ಮೇಲೆ ವಾರಗಟ್ಟಲೆ ನಿದ್ದೆ ಸರಿಯಿರುವುದಿಲ್ಲ, ಅದು ಅವರ ಕೈಯಲ್ಲಿಲ್ಲ. ಮೊದಲೇ ಹೇಳಿಟ್ಟರೆ "ಕುಡಿದ್ರೇನೇ ನಿದ್ದೆ ಬರೋದು" ಅನ್ನುವ ಮಾತಿಗೆ ಬಲ ಸಿಗುವುದಿಲ್ಲ.

ಹಂತ 4: ಮಾತ್ರೆ ಆರಿಸುವುದು

ಕುಡಿತ ಬಿಡಿಸಲು ಮಾತ್ರೆ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿರುವವರಿಗೆ ಗೊತ್ತಿರುವುದು ಒಂದೇ, "ಕುಡಿದ್ರೆ ವಾಂತಿ ಬರೋ ಮಾತ್ರೆ".

ಅದು ಡೈಸಲ್ಫಿರಾಮ್. ಮದ್ಯ ಲಿವರಿನಲ್ಲಿ ಕರಗುವಾಗ ನಡುವೆ ಹುಟ್ಟುವ ಒಂದು ವಿಷ ಮುಂದಕ್ಕೆ ಹೋಗದಂತೆ ಇದು ತಡೆಯುತ್ತದೆ. ಇದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬೀಳುತ್ತದೆ. ತಿಳಿದು, ಒಪ್ಪಿ, ಮನೆಯವರ ಮುಂದೆ ದಿನಾ ನುಂಗುವವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೃದಯದ ತೊಂದರೆ, ತೀವ್ರ ಲಿವರ್ ಕಾಯಿಲೆ ಇದ್ದವರಿಗೆ ಕೊಡುವುದಿಲ್ಲ.

ರಂಗಣ್ಣನವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಇದನ್ನೇ: "ಪುಡಿ ಮಾಡಿ ಸಾರಿಗೆ ಹಾಕ್ಬಹುದಾ?" ಎಷ್ಟೋ ಮನೆಗಳಲ್ಲಿ ಹೀಗೆ ನಡೆಯುತ್ತದೆ. "ಗೊತ್ತಿಲ್ಲದಂತೆ ಕೊಡಿ" ಅಂತ ಗೋಡೆ ಮೇಲೆ ಜಾಹೀರಾತು ಬರೆಸಿ ಮಾರುವ ಪುಡಿಗಳೂ ಇವೆ, ಅದರೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗೊತ್ತಿಲ್ಲದೆ ತಿಂದವರು ಎಂದಿನಂತೆ ಎರಡು ಕ್ವಾರ್ಟರ್ ಏರಿಸುತ್ತಾರೆ, ಆಗ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರುತ್ತದೆ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕುಡಿದರೂ ತೊಂದರೆಯೇ.

ಕುಡಿಯುವ ಆಸೆಯನ್ನೇ ಕಡಿಮೆ ಮಾಡುವ ಮಾತ್ರೆಗಳು ಬೇರೆ. ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ., ದಿನಕ್ಕೆ ಒಂದು. ಕುಡಿದಾಗ ಸಿಗುವ ಮಜಾ ಇದರಿಂದ ಸಪ್ಪೆಯಾಗುತ್ತದೆ. ಒಂದು ಪೆಗ್ ಹತ್ತಾಗುವುದನ್ನು ತಡೆಯುವುದರಲ್ಲಿ ಇದು ಗಟ್ಟಿ. ಅಕಾಂಪ್ರೊಸೇಟ್ 333 ಮಿ.ಗ್ರಾಂ., ಎರಡೆರಡರಂತೆ ದಿನಕ್ಕೆ ಮೂರು ಹೊತ್ತು. ಬಿಟ್ಟವರು ಬಿಟ್ಟಂತೆಯೇ ಇರಲು ಇದು ನೆರವಾಗುತ್ತದೆ. ಇದು ಲಿವರ್ ಮೂಲಕ ಹೋಗುವುದಿಲ್ಲ, ಕಿಡ್ನಿ ಮೂಲಕ ಹೋಗುತ್ತದೆ. ಅದಕ್ಕೇ ಕ್ರಿಯಾಟಿನಿನ್ ನೋಡಿದ್ದು. ಲಿವರ್ ಸಿರೋಸಿಸ್ ಆಗಿಬಿಟ್ಟಿದ್ದರೆ ವೈದ್ಯರು ಹೆಚ್ಚಾಗಿ ಬ್ಯಾಕ್ಲೋಫೆನ್ ಕಡೆ ನೋಡುತ್ತಾರೆ.

ರಂಗಣ್ಣನವರಿಗೆ ಯಾವುದು? ಲಿವರ್ ಅಂಕಿಗಳು ನಾಲ್ಟ್ರೆಕ್ಸೋನ್‌ಗೆ ಅಡ್ಡಿಯಾಗುವಷ್ಟು ಇರಲಿಲ್ಲ. ಆದರೆ ಅವರ ಪ್ಯಾಂಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ಒಂದು ಸ್ಟ್ರಿಪ್ ಸಿಕ್ಕಿತು. ಮೆಷಿನ್ ಮುಂದೆ ನಿಂತು ನಿಂತು ಬಂದ ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತಂದ ಟ್ರಮಡಾಲ್ ಮಾತ್ರೆ. ಅದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯದು. ಅದು ದೇಹದಲ್ಲಿರುವಾಗ ನಾಲ್ಟ್ರೆಕ್ಸೋನ್ ಕೊಟ್ಟರೆ ತಕ್ಷಣ ವಾಂತಿ, ಬೆವರು, ಮೈಕೈ ನೋವು ಕಿತ್ತುಕೊಂಡು ಬರುತ್ತದೆ. 7ರಿಂದ 10 ದಿನ ಬಿಡುವು ಬೇಕು. ಟ್ರಮಡಾಲ್‌ನಿಂದ ಫಿಟ್ಸ್ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ವೈದ್ಯರು ಅದನ್ನು ನಿಲ್ಲಿಸಿ, ಸೊಂಟಕ್ಕೆ ಫಿಸಿಯೋಥೆರಪಿ ಬರೆದು, ಆರನೇ ದಿನದಿಂದ ಅಕಾಂಪ್ರೊಸೇಟ್ ಶುರುಮಾಡಿದರು. ಜೊತೆಗೆ ಥಯಾಮಿನ್ ಮಾತ್ರೆ. ಮಾತ್ರೆ ಆರಿಸುವ ಮೊದಲು ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಅಂತ ನಾನು ಹೇಳುವುದು ಇದಕ್ಕೇ.

ಹಂತ 5: ಎಲ್ಲಿ ಜಾರುತ್ತೀರಿ ಅಂತ ಮೊದಲೇ ಗುರುತು ಮಾಡಿ

ಕುಡಿಯುವ ಆಸೆ ಸುಮ್ನೆ ಬರುವುದಿಲ್ಲ. ಅದಕ್ಕೆ ಜಾಗ, ಹೊತ್ತು, ಜನ ಇರುತ್ತಾರೆ. ರಂಗಣ್ಣ ಒಂದು ಕಾಗದದ ಮೇಲೆ ಫ್ಯಾಕ್ಟರಿಯಿಂದ ಬಸ್ ಸ್ಟಾಪ್‌ವರೆಗಿನ ದಾರಿ ಗೀಚಿದರು. ನಡುವೆ ಎರಡು ಬಾರ್, ಒಂದು ವೈನ್ ಶಾಪ್. ಶನಿವಾರ ಆರು ಗಂಟೆಗೆ ಕೈಯಲ್ಲಿ ಬಟವಾಡೆ, ಹೊಟ್ಟೆ ಖಾಲಿ, ಪಕ್ಕದಲ್ಲಿ ಹಳೇ ಜೊತೆಗಾರ. ವಾರದ ಅಪಾಯವೆಲ್ಲ ಆ ಅರ್ಧ ಗಂಟೆಯಲ್ಲಿತ್ತು.

ಹಾಳೆಯಲ್ಲಿ ಬರೆದದ್ದು "ಗೆಳೆಯರ ಸಹವಾಸ ಬಿಡು" ಅಂತ ಅಲ್ಲ. ಶನಿವಾರ ಐದೂವರೆಗೆ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬಾ ತಿನ್ನುವುದು. ಸಂಬಳ ಬ್ಯಾಂಕಿಗೆ ಹಾಕಲು ಮಾಲೀಕರನ್ನು ಕೇಳುವುದು. ಬಸ್ ಬಿಟ್ಟು ಪೀಣ್ಯ ಇಂಡಸ್ಟ್ರಿಯಲ್ಲಿ ಮೆಟ್ರೋ ಹತ್ತುವುದು, ನಾಗಸಂದ್ರ ನಿಲ್ದಾಣದ ಕೆಳಗೆ ಮಗ ಕಾಯುವುದು. ಕರೆದವರಿಗೆ ಹೇಳಲು ಒಂದೇ ಮಾತು: "ಮಾತ್ರೆ ನಡೀತಿದೆ ಕಣೋ, ಆಗಲ್ಲ." ಕಾರಣ ಜಾಸ್ತಿ ವಿವರಿಸಿದಷ್ಟೂ ಎದುರಿನವರು ಚೌಕಾಸಿಗೆ ಇಳಿಯುತ್ತಾರೆ. ಆ ಮಾತನ್ನು ವಾರ್ಡಿನಲ್ಲಿ ನನ್ನ ಮುಂದೆ ಜೋರಾಗಿ ಹತ್ತು ಸಲ ಹೇಳಿಸಿದ್ದೆ.

ಆಸೆ ಬಂದಾಗ ಅದು ಏರುತ್ತಲೇ ಹೋಗುತ್ತದೆ ಅನ್ನಿಸುತ್ತದೆ. ಆದರೆ ಹೆಚ್ಚಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಐದು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಬರೆಯುತ್ತಾ ಹೋಗಿ. 8, 9, 8, 6, 4 ಅಂತ ಇಳಿಯುವುದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಮುಂದಿನ ಸಲ ಕಾಯುವುದು ಸುಲಭ.

ಹಂತ 6: ಜಾರಿದ ದಿನದ ಚೀಟಿ

ಇದನ್ನು ಬರೆಯಲು ಮನೆಯವರು ಒಪ್ಪುವುದಿಲ್ಲ, ಅಪಶಕುನ ಅನ್ನುತ್ತಾರೆ. ಆದರೂ ಬರೆಯಲೇಬೇಕು. ಪರ್ಸಿನಲ್ಲಿಡುವ ಸಣ್ಣ ಚೀಟಿ: ಗ್ಲಾಸ್ ಅಲ್ಲೇ ಬಿಡು. ಆ ಜಾಗದಿಂದ ಎದ್ದು ಹೊರಡು. ಹೆಂಡತಿಗೆ ಫೋನ್ ಮಾಡಿ "ಜಾರಿದೆ" ಅನ್ನು. 24 ಗಂಟೆಯೊಳಗೆ ಆಸ್ಪತ್ರೆಗೆ ಹೇಳು. ಮಾತ್ರೆ ನಿಲ್ಲಿಸಬೇಡ (ಡೈಸಲ್ಫಿರಾಮ್ ಆಗಿದ್ದರೆ ಮಾತ್ರ ಬೇರೆ, ತಕ್ಷಣ ವೈದ್ಯರನ್ನು ಕೇಳಬೇಕು). ಹೆಂಡತಿಯ ಚೀಟಿಯಲ್ಲಿ ಒಂದೇ ಸಾಲು: ಆ ರಾತ್ರಿ ಜಗಳ ಬೇಡ, ಬೆಳಿಗ್ಗೆ ಮಾತು.

ರಂಗಣ್ಣನವರಿಗೆ ಚೀಟಿ 37ನೇ ದಿನ ಬೇಕಾಯಿತು. ಓಟಿ ದುಡ್ಡು ನಗದಾಗಿ ಕೈಗೆ ಬಂದಿತ್ತು, ಮಗನಿಗೆ ಪರೀಕ್ಷೆ, ಬಸ್ಸಿನ ದಾರಿ ಹಿಡಿದರು. ಒಂದು ನೈಂಟಿ ಕುಡಿದು ಎದ್ದು ಬಂದರು. ಸೋಮವಾರ ಇಬ್ಬರೂ ಬಂದು ಕೂತಾಗ "ಯಾಕೆ ಕುಡಿದಿರಿ" ಅಂತ ನಾನು ಕೇಳಲಿಲ್ಲ. ಗ್ಲಾಸಿನಿಂದ ಹಿಂದಕ್ಕೆ ಹೋದೆವು. ಅದಕ್ಕೆ ಮುಂಚೆ ಎಲ್ಲಿದ್ದಿರಿ, ಅದಕ್ಕೂ ಮುಂಚೆ? ಹೀಗೆ ಹೋದಾಗ ಕೊಂಡಿ ಸಿಕ್ಕಿದ್ದು ಮೂರು ದಿನ ಹಿಂದೆ. ನಾಲ್ಕು ವಾರದ ಮಾತ್ರೆ ಎಣಿಸಿದ್ದೆವು: 168ರಲ್ಲಿ 42 ಉಳಿದಿದ್ದವು. 75% ಮಾತ್ರ ನುಂಗಿದ್ದರು, ಗುರಿ 90%. ಉಳಿದವೆಲ್ಲ ಮಧ್ಯಾಹ್ನದವು. ಫ್ಯಾಕ್ಟರಿಯಲ್ಲಿ ಎಲ್ಲರ ಮುಂದೆ ಮಾತ್ರೆ ತೆಗೆಯಲು ಅವರಿಗೆ ನಾಚಿಕೆ. ಅವತ್ತು "ಅಲಾರಂ ಇಟ್ಟುಕೊಳ್ಳಿ" ಅಂತ ಹೇಳಿ ಕಳಿಸಿದ್ದೆ. ಅಂಕಿ ಕಣ್ಣ ಮುಂದೆ ಇತ್ತು, ವೈದ್ಯರಿಗೆ ತೋರಿಸಿ ಅವತ್ತೇ ಯೋಜನೆ ಬದಲಿಸಬೇಕಿತ್ತು. ಅದು ನನ್ನ ತಪ್ಪು.

ಟ್ರಮಡಾಲ್ ಬಿಟ್ಟು ಐದು ವಾರವಾಗಿತ್ತು. ಎಎಸ್‌ಟಿ, ಎಎಲ್‌ಟಿ ಇಳಿದಿದ್ದವು. ವೈದ್ಯರು ನಾಲ್ಟ್ರೆಕ್ಸೋನ್‌ಗೆ ಬದಲಿಸಿದರು. ಕೆಲವು ದಿನ ಅರ್ಧ ಮಾತ್ರೆ, ಆಮೇಲೆ ಪೂರ್ತಿ, ಬೆಳಿಗ್ಗೆ ತಿಂಡಿ ಆದ ಮೇಲೆ ಮನೆಯಲ್ಲೇ. ಮೊದಲ ವಾರ ಸ್ವಲ್ಪ ವಾಕರಿಕೆ ಇತ್ತು, ಹೋಯಿತು.

ಒಂದು ಎಚ್ಚರಿಕೆ. ಜಾರಿದ್ದು ಒಂದು ದಿನದಲ್ಲಿ ನಿಲ್ಲದೆ ಮೂರು ನಾಲ್ಕು ದಿನ ಸತತ ಕುಡಿತವಾಗಿದ್ದರೆ ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ಫಿಟ್ಸ್‌ನ ಅಪಾಯ ಮತ್ತೆ ಬಂದಿರುತ್ತದೆ, ಹಂತ 2ಕ್ಕೆ ಹಿಂತಿರುಗಿ. ಹಾಗೇ "ಬಿಡಿಸ್ತೀವಿ" ಅಂತ ಕೂಡಿಹಾಕಿ ಹೊಡೆಯುವ ಕೇಂದ್ರಗಳಿಗೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನಕ್ಕೂ ಅನ್ವಯಿಸುತ್ತದೆ. ಕೇಂದ್ರಕ್ಕೆ ನೋಂದಣಿ ಇದೆಯಾ, ವೈದ್ಯರು ಇದ್ದಾರಾ ಅಂತ ಕೇಳಿ ಸೇರಿಸಿ.

ಹಂತ 7: ಮತ್ತೆ ಎಣಿಸುವ ದಿನಗಳು

ಮನೆಗೆ ಹೋದ ಮೇಲೆ ಮೊದಲ ತಿಂಗಳು ಒಂದು, ಎರಡು, ನಾಲ್ಕನೇ ವಾರ ಬನ್ನಿ. ಆಮೇಲೆ ಎಂಟು, ಹನ್ನೆರಡನೇ ವಾರ. ಬಂದಾಗಲೆಲ್ಲ ನಾಲ್ಕೇ ಸಾಲು ತುಂಬುವುದು, ಹತ್ತು ನಿಮಿಷದ ಕೆಲಸ. ಯಾವುದಾದರೂ ಅಂಕಿ ಗುರಿ ಮುಟ್ಟದಿದ್ದರೆ ಆ ದಿನವೇ ಏನಾದರೂ ಒಂದು ಬದಲಾಗಬೇಕು: ಮಾತ್ರೆ, ಹೊತ್ತು, ದಾರಿ ಅಥವಾ ಜೊತೆಗಿರುವವರು. ಸಂಜೆ ಹೊತ್ತು ಖಾಲಿ ಅನ್ನಿಸುವವರಿಗೆ ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಊರಿನ ಹಲವು ಕಡೆ ನಡೆಯುತ್ತವೆ, ಕನ್ನಡದಲ್ಲೂ ಇವೆ, ಶುಲ್ಕವಿಲ್ಲ. ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುತ್ತಾರೆ. "ಈಗ ಚೆನ್ನಾಗಿದ್ದೀನಲ್ಲ" ಅಂತ ಮೂರನೇ ತಿಂಗಳಲ್ಲಿ ತಾವೇ ನಿಲ್ಲಿಸುವವರು ತುಂಬಾ ಜನ.

90ನೇ ದಿನ ರಂಗಣ್ಣನವರ ಹಾಳೆ: ಕುಡಿಯದ ದಿನ 87. ಕ್ವಾರ್ಟರ್ ಮುಟ್ಟಿದ ದಿನ ಒಂದು, ಮಾವನ ಮನೆಯ ತಿಥಿ ಮುಗಿದ ರಾತ್ರಿ. ನಾಲ್ಟ್ರೆಕ್ಸೋನ್‌ಗೆ ಬದಲಿಸಿದ ಮೇಲೆ ಮಾತ್ರೆ 94%. ಜಿಜಿಟಿ 58. ಕೊನೆಯ ತಿಂಗಳಲ್ಲಿ ರಜೆ ಒಂದು. ಒಂದು ಗುರಿ ತಪ್ಪಿದೆ, ಮೂರು ಮುಟ್ಟಿವೆ. ಹೊಸ ಹಾಳೆ ತೆಗೆದು ಮುಂದಿನ 90 ದಿನದಲ್ಲಿ ಯಾವ ದಿನ ಕಷ್ಟ ಅಂತ ಕೇಳಿದೆ. ಅವರು ಯೋಚಿಸಲೇ ಇಲ್ಲ, "ಆಯುಧ ಪೂಜೆ" ಅಂದರು. ಮೆಷಿನ್‌ಗೆ ಕುಂಬಳಕಾಯಿ ಒಡೆದ ಮೇಲೆ ಶೆಡ್ಡಿನ ಹಿಂದೆ ಪಾರ್ಟಿ ಇರುತ್ತದಂತೆ. ಮೊದಲ ಸಾಲು ಅವರೇ ಬರೆದರು: ಬೆಳಿಗ್ಗೆ ಹೆಂಡತಿ, ಮಗನನ್ನೂ ಪೂಜೆಗೆ ಕರೆದುಕೊಂಡು ಹೋಗುವುದು, ಪುರಿ-ಸಿಹಿ ಹಂಚಿ ಹನ್ನೆರಡೂವರೆಯ ಮೆಟ್ರೋಗೆ ಮೂವರೂ ವಾಪಸ್.